ಎಂಟೂ ದೀಪ ಸಾಲಾಗಿ ಉರಿದರೂ ಕೇಬಲ್ ಕೈಕೊಡುವುದೇಕೆ?

ಕೇಳಿದವರು: ಸುಮಾರು 30 ಮೀಟರ್ ಉದ್ದದ ನೆಟ್‌ವರ್ಕ್ ಕೇಬಲ್‌ಗೆ ಎರಡೂ ತುದಿಯಲ್ಲಿ ನಾನೇ ಪ್ಲಗ್ ಹಾಕಿದ್ದೇನೆ. ಟೆಸ್ಟರ್‌ನಲ್ಲಿ ಎರಡೂ ಕಡೆ 1ರಿಂದ 8ರವರೆಗೆ ದೀಪಗಳು ಸರಿಯಾಗಿ ಉರಿಯುತ್ತವೆ. ಆದರೆ ದೊಡ್ಡ ಕಡತ ಕಳಿಸಿದರೆ ವೇಗ ಕುಸಿದು ಸಂಪರ್ಕ ಕಡಿಯುತ್ತದೆ. ಟೆಸ್ಟರ್ ನಂಬಬೇಕೇ, ಬೇಡವೇ?

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರು: ಎಂಟೂ ದೀಪ ಕ್ರಮವಾಗಿ ಉರಿದರೆ ಕೇಬಲ್ ಸರಿಯಿದೆ ಎಂದೇ ಅರ್ಥ. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನೋ ಸ್ವಿಚ್ಚಿನ ಪೋರ್ಟನ್ನೋ ಬದಲಿಸಿ ನೋಡಿ. ದೀಪ ಉರಿಯದಿದ್ದರೆ ಮಾತ್ರ ತಂತಿ ತುಂಡಾಗಿದೆ ಎಂದು ತಿಳಿದು ಪ್ಲಗ್ ಕತ್ತರಿಸಿ ಹೊಸದು ಹಾಕಬೇಕು.

ಕೇಬಲ್ ಎಳೆಯುವ ಕೆಲಸದವರು: ಪೋರ್ಟ್ ಬದಲಿಸಿ ನೋಡುವುದು ಒಳ್ಳೆಯದೇ, ಮಿಕ್ಕಿದ್ದನ್ನು ಒಪ್ಪಲಾರೆ. ಈ ಟೆಸ್ಟರ್ ಒಂದು ತುದಿಯ 3ನೇ ಹಲ್ಲು ಇನ್ನೊಂದು ತುದಿಯ 3ನೇ ಹಲ್ಲಿಗೆ ಮುಟ್ಟಿದೆಯೇ ಎಂದಷ್ಟೇ ನೋಡುತ್ತದೆ. ಯಾವ ತಂತಿ ಯಾವುದರ ಜೊತೆ ಹೆಣೆದುಕೊಂಡಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ನಿಮ್ಮ ಲಕ್ಷಣ ನೋಡಿದರೆ ಒಂದಕ್ಕೊಂದು ಹೆಣೆದ ಎರಡು ತಂತಿಗಳ ಜೋಡಿ ಒಡೆದಿದೆ ಎನ್ನಿಸುತ್ತದೆ. ಪ್ಲಗ್ ಪಾರದರ್ಶಕವಾಗಿದ್ದರೆ ಬಣ್ಣಗಳನ್ನು ಎಡದಿಂದ ಓದಿ ಹೇಳಿ.

ಕೇಳಿದವರು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಎರಡೂ ತುದಿ ಒಂದೇ ಥರ.

ಕೇಬಲ್ ಎಳೆಯುವ ಕೆಲಸದವರು: ಅಲ್ಲೇ ಇದೆ ತೊಂದರೆ. ಪ್ಲಗ್‌ನಲ್ಲಿ 3 ಮತ್ತು 6 ಒಂದು ಜೋಡಿ, 4 ಮತ್ತು 5 ಇನ್ನೊಂದು. ನೀವು ಹಾಕಿದ ಕ್ರಮದಲ್ಲಿ 3ರಲ್ಲಿ ಬಿಳಿ-ಹಸಿರು, 6ರಲ್ಲಿ ನೀಲಿ; ಇವೆರಡೂ ಒಂದಕ್ಕೊಂದು ಹೆಣೆದ ತಂತಿಗಳಲ್ಲ. ಹೆಣೆದಿದ್ದರೆ ತಾನೇ ಹೊರಗಿನ ಗದ್ದಲ ಎರಡೂ ತಂತಿಗೆ ಸಮವಾಗಿ ತಾಗಿ ಅಳಿಸಿಹೋಗುವುದು? ಹೆಣಿಗೆ ತಪ್ಪಿದಾಗ ಒಂದು ಜೋಡಿಯ ಸಂಕೇತ ಪಕ್ಕದ ಜೋಡಿಗೆ ಸೋರುತ್ತದೆ. ಗಿಡ್ಡ ಕೇಬಲ್‌ನಲ್ಲಿ ಇದು ಗೊತ್ತೇ ಆಗದಿರಬಹುದು. 30 ಮೀಟರಿನಲ್ಲಿ ಅಡಗಿಕೊಳ್ಳುವುದಿಲ್ಲ.

ಒಂದು ತುದಿಯನ್ನು ಮಾತ್ರ ಮೊದಲು ಕತ್ತರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಹಾಕಿ. ಈಗ ಟೆಸ್ಟರ್ ಹಚ್ಚಿದರೆ ಮುಖ್ಯ ಘಟಕದಲ್ಲಿ 4 ಉರಿಯುವಾಗ ಇನ್ನೊಂದು ತುದಿಗೆ ಹಚ್ಚಿದ ರಿಮೋಟ್‌ನಲ್ಲಿ 6, ಮುಖ್ಯ ಘಟಕದಲ್ಲಿ 6 ಉರಿಯುವಾಗ ರಿಮೋಟ್‌ನಲ್ಲಿ 4 ಉರಿಯಬೇಕು. ಇಷ್ಟು ಹೊತ್ತು ಕಾಣದಿದ್ದ ದೋಷ ಅದಲುಬದಲಾಗಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಇನ್ನೊಂದು ತುದಿಯನ್ನೂ ಹಾಗೆಯೇ ಮಾಡಿ. ಬಣ್ಣ ಕಾಣದ ಪ್ಲಗ್ ಇದ್ದರೂ ಈ ಉಪಾಯ ನಡೆಯುತ್ತದೆ.

ಕ್ಯಾಮೆರಾ ಅಳವಡಿಸುವವರು: ನನ್ನ ಕೇಬಲ್‌ನಲ್ಲಿ ರಿಮೋಟ್ 3, 6, 1, 4, 5, 2, 7, 8 ಎಂದು ಉರಿಯುತ್ತದೆ. ಇದೂ ಜೋಡಿ ಒಡೆದದ್ದೇ? ಕ್ಯಾಮೆರಾ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ.

ಕೇಬಲ್ ಎಳೆಯುವ ಕೆಲಸದವರು: ಅಲ್ಲ. ಬಣ್ಣ ಜೋಡಿಸಲು ಎ, ಬಿ ಎಂಬ ಎರಡು ಪ್ರಮಾಣಿತ ಕ್ರಮಗಳಿವೆ; ಅದು ಒಂದು ತುದಿ ಎ ಕ್ರಮ, ಇನ್ನೊಂದು ಬಿ ಕ್ರಮದಲ್ಲಿರುವ ಕ್ರಾಸ್ ಕೇಬಲ್. 1-2ರ ಜೋಡಿ 3-6ರ ಜಾಗಕ್ಕೆ ಇಡಿಯಾಗಿ ಹೋಗಿದೆ. ಈಗಿನ ಬಹುತೇಕ ಸಾಧನಗಳು ತಾವೇ ಸರಿಪಡಿಸಿಕೊಳ್ಳುತ್ತವೆ, ಆದ್ದರಿಂದ ಬಿಟ್ಟುಬಿಡಬಹುದು.

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರ ಇನ್ನೊಂದು ಮಾತಿಗೂ ಸೇರಿಸುತ್ತೇನೆ. ಒಂದು ದೀಪ ಸತ್ತಿದ್ದರೆ ತುಂಡು ಎನ್ನುವುದು ಸರಿ, ಆದರೆ ಕತ್ತರಿಸುವ ಮೊದಲು ಪ್ಲಗ್ಗನ್ನು ಕ್ರಿಂಪಿಂಗ್ ಉಪಕರಣದಲ್ಲಿ ಇನ್ನೊಮ್ಮೆ ಒತ್ತಿ ನೋಡಿ; ಹಲ್ಲು ತಂತಿಯೊಳಗೆ ಪೂರ್ತಿ ಇಳಿಯದಿರುವುದೇ ಹೆಚ್ಚು. ಮುಖ್ಯ ಘಟಕದಲ್ಲಿ ಎಲ್ಲವೂ ಸಾಲಾಗಿ ಉರಿದು ರಿಮೋಟ್‌ನಲ್ಲಿ ಮಾತ್ರ ಎರಡು ದೀಪ ಒಟ್ಟಿಗೆ ಕೈಕೊಟ್ಟರೆ ಶಾರ್ಟ್ ಎಂದು ಅನುಮಾನಿಸಿ. ಕೆಲವು ಟೆಸ್ಟರ್‌ಗಳಲ್ಲಿ ಅವು ಪೂರ್ತಿ ಆರುತ್ತವೆ, ಕೆಲವದರಲ್ಲಿ ಎರಡೂ ಒಟ್ಟಿಗೆ ಮಂಕಾಗಿ ಉರಿಯುತ್ತವೆ. ನಿಮ್ಮದು ಯಾವ ಜಾತಿ ಎಂದು ತಿಳಿಯಲು ಹಳೆಯ ಕೇಬಲ್ ತುಂಡೊಂದರಲ್ಲಿ ಎರಡು ತಂತಿ ಸುಲಿದು ತಿರುಚಿ ನೋಡುವುದು ವಾಸಿ.

ಕೇಳಿದವರು: ಒಂದು ತುದಿ ಬದಲಿಸಿದೆ. ನೀವು ಹೇಳಿದಂತೆ 4 ಮತ್ತು 6 ಅದಲುಬದಲಾಗಿ ಉರಿದವು! ಎರಡನೆಯದನ್ನೂ ಬದಲಿಸಿದ ಮೇಲೆ ಕಡತ ತಡೆಯಿಲ್ಲದೆ ಹೋಯಿತು. ಗೋಡೆಯೊಳಗಿನ ಇನ್ನೊಂದು ಕೇಬಲ್‌ನಲ್ಲಿ 7 ಮಾತ್ರ ಒಮ್ಮೊಮ್ಮೆ ಮಿನುಗುತ್ತದೆ. ಎರಡೂ ಪ್ಲಗ್ ಹೊಸದಾಗಿ ಹಾಕಿದೆ, ಬ್ಯಾಟರಿಯೂ ಹೊಸದು.

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರು: ಹಾಗಾದರೆ ಗೋಡೆಯೊಳಗೇ ತಂತಿ ಅರ್ಧ ಮುರಿದಿರಬೇಕು.

ಕೇಬಲ್ ಎಳೆಯುವ ಕೆಲಸದವರು: ಇರಬಹುದು, ನಡುವೆ ಯಾರಾದರೂ ಜಂಟಿ ಹಾಕಿರಲೂಬಹುದು. ದೂರ ಅಳೆಯುವ ಟೆಸ್ಟರ್ ಸಿಕ್ಕರೆ ದೋಷ ಎಷ್ಟು ಮೀಟರಿನಲ್ಲಿದೆ ಎಂದು ನೋಡಿ. ಅಲ್ಲಿಯವರೆಗೆ ಗೋಡೆ ಒಡೆಯಬೇಡಿ.