ಕ್ವೆಶ್ಚನ್ ಟ್ಯಾಗ್‌ನಲ್ಲಿ ಧ್ವನಿ ಏರಬೇಕೆ, ಇಳಿಯಬೇಕೆ?

ಕೇಳಿದವರು, ಬಾಗಲಕೋಟೆ:
ನನ್ನ ಪ್ರೌಢಶಾಲೆಯ ಮಕ್ಕಳು ಇಂಗ್ಲಿಷಿನ ಕ್ವೆಶ್ಚನ್ ಟ್ಯಾಗ್‌ಗಳನ್ನು ಸರಿಯಾಗಿ ಬರೆಯುತ್ತಾರೆ, ಆದರೆ ಮಾತನಾಡುವಾಗ ಎಲ್ಲವನ್ನೂ ಧ್ವನಿ ಏರಿಸಿಯೇ ಹೇಳುತ್ತಾರೆ. ನಿಜವಾಗಿ ಕೇಳುವುದಕ್ಕೂ ಒಪ್ಪಿಗೆ ಬಯಸುವುದಕ್ಕೂ ಇರುವ ಭೇದವನ್ನು ನೀವು ಹೇಗೆ ಕಲಿಸಿದ್ದೀರಿ?

ನಿವೃತ್ತ ಶಿಕ್ಷಕರು, ವಿಜಯಪುರ:
ಒಂದೇ ವಾಕ್ಯವನ್ನು ಎರಡು ಸಂದರ್ಭಗಳಲ್ಲಿ ಆಡಿಸಿರಿ. ‘ದ ಇಂಡಿ ಬಸ್ ಲೀವ್ಸ್ ಅಟ್ ಫೈವ್, ಡಸಂಟ್ ಇಟ್?’ ಎಂದು ಊರಿಗೆ ಹೊಸಬನಾದ ಪ್ರಯಾಣಿಕನು ಕೇಳಿದರೆ ಅವನಿಗೆ ಸಮಯ ಖಚಿತವಿಲ್ಲ. ಆಗ ‘ಡಸಂಟ್’ ಕೆಳಗಿನ ಧ್ವನಿಯಲ್ಲಿ ಆರಂಭವಾಗಿ ‘ಇಟ್’ ವರೆಗೆ ಏರುತ್ತದೆ. ಅದೇ ಬಸ್ಸಿನಲ್ಲಿ ದಿನವೂ ಹೋಗುವವರು ಪಕ್ಕದವರಿಗೆ ಹೇಳಿದರೆ ‘ಡಸಂಟ್’ ಮೇಲೆ ಆರಂಭವಾಗಿ ಇಳಿಯುತ್ತದೆ, ಏಕೆಂದರೆ ಅವರು ಬಯಸುವುದು ಒಪ್ಪಿಗೆಯನ್ನಷ್ಟೆ. ಎರಡರಲ್ಲೂ ‘ಫೈವ್’ ಎಂಬಲ್ಲಿ ಧ್ವನಿ ಇಳಿಸಿದರೆ ಚೆನ್ನ. ಮಕ್ಕಳು ಅಲ್ಲಿಂದಲೇ ಏರಿಸತೊಡಗುವುದರಿಂದ ಟ್ಯಾಗ್‌ನ ಏರಿಳಿತ ಕೇಳಿಸದೆ ಹೋಗುತ್ತದೆ ಎಂಬುದು ನನ್ನ ಗಮನಕ್ಕೆ ಬಂದಿದೆ.

ಕೇಳುವ ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಧ್ವನಿಯಿಂದಲೇ ಉತ್ತರ ಕೊಡಲು ಹೇಳಿರಿ. ಏರಿದ್ದರೆ ‘ಯೆಸ್, ಇಟ್ ಡಸ್’, ‘ನೋ, ಇಟ್ ಡಸಂಟ್’ ಎರಡಕ್ಕೂ ಸಮಾನ ಅವಕಾಶವಿದೆ. ಇಳಿದಿದ್ದರೆ ಒಪ್ಪಿಗೆಯೇ ನಿರೀಕ್ಷಿತವಾದುದರಿಂದ ‘ನೋ’ ಎನ್ನುವವರು, ಬಸ್ಸಿನ ಸಮಯ ಬದಲಾಗಿದೆ ಎಂಬಂತಹ ಕಾರಣವನ್ನೂ ಸೇರಿಸಬೇಕಾಗುತ್ತದೆ.

ಶಿಕ್ಷಕಿ, ಬೆಳಗಾವಿ:
ವಾಕ್ಯವು ಸಕಾರಾತ್ಮಕವಾಗಿದ್ದರೆ ಏರಿಸಿ, ನಕಾರಾತ್ಮಕವಾಗಿದ್ದರೆ ಇಳಿಸಿ ಎಂದು ನಾನು ಹೇಳಿಕೊಡುತ್ತೇನೆ. ಜೊತೆಗೆ ‘ಆರಂಟ್ ಯು?’ ಎಂದು ಕೇಳಿದಾಗ ‘ಯೆಸ್, ಐ ಆಮ್’ ಎಂದು ಪೂರ್ತಿಯಾಗಿ ಹೇಳಬೇಕು. ‘ಯೆಸ್, ಐಮ್’ ಎಂದು ಮೊಟಕುಗೊಳಿಸುವಂತಿಲ್ಲ.

ನಿವೃತ್ತ ಶಿಕ್ಷಕರು, ವಿಜಯಪುರ:
ಬಾಯಿಯವರೆ, ನಿಮ್ಮ ಎರಡನೆಯ ಮಾತು ಸರಿಯಾಗಿದೆ, ಮೊದಲನೆಯದು ನಿಲ್ಲುವುದಿಲ್ಲ. ‘ಯು ಹ್ಯಾವಂಟ್ ಪೇಯ್ಡ್, ಹ್ಯಾವ್ ಯು?’ ಎಂಬುದನ್ನು ಶುಲ್ಕ ಕಟ್ಟಿಲ್ಲವೆಂದು ತಿಳಿದಿರುವ ಗುಮಾಸ್ತರು ಇಳಿಸಿ ಹೇಳುತ್ತಾರೆ, ಸಂಶಯವಿರುವವರು ಏರಿಸಿ ಕೇಳುತ್ತಾರೆ. ಧ್ವನಿಯನ್ನು ತೀರ್ಮಾನಿಸುವುದು ಹೇಳುವವರ ಖಚಿತತೆಯೇ ಹೊರತು ವಾಕ್ಯದ ರೂಪವಲ್ಲ.

ಪಾಲಕರು, ಅಥಣಿ:
ನನ್ನ ಮಗಳಿಗೆ ಸಂದರ್ಶನದಲ್ಲಿ ‘ಯು ಹ್ಯಾವಂಟ್ ವರ್ಕ್ಡ್ ಬಿಫೋರ್, ಹ್ಯಾವ್ ಯು?’ ಎಂದು ಕೇಳಿದರು. ‘ಹೌದು, ಮಾಡಿಲ್ಲ’ ಎಂಬ ಅರ್ಥದಲ್ಲಿ ಆಕೆ ‘ಯೆಸ್’ ಎಂದಳು. ಅವರು ಆಕೆಯ ಹಳೆಯ ಕೆಲಸದ ವಿವರ ಕೇಳತೊಡಗಿದರು. ಇದೂ ಧ್ವನಿಯ ದೋಷವೆ?

ನಿವೃತ್ತ ಶಿಕ್ಷಕರು, ವಿಜಯಪುರ:
ಅಲ್ಲ. ಕನ್ನಡದ ‘ಹೌದು’ ಎದುರಿನವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಯೆಸ್’, ‘ನೋ’ ನಡೆದ ಸಂಗತಿಯನ್ನು ಅನುಸರಿಸುತ್ತವೆ. ಕೆಲಸ ಮಾಡಿಲ್ಲವಾದರೆ, ಕೇಳಿದವರು ಏರಿಸಿರಲಿ ಇಳಿಸಿರಲಿ, ‘ನೋ, ಐ ಹ್ಯಾವಂಟ್’ ಎಂದೇ ಉತ್ತರಿಸಬೇಕು.

ಕೇಳಿದವರು, ಬಾಗಲಕೋಟೆ:
ಬೆನ್ನು ತಿರುಗಿಸುವ ಅಭ್ಯಾಸವನ್ನು ನಾಳೆಯೇ ಮಾಡಿಸುತ್ತೇನೆ, ಸರ್. ಆದರೆ ನಮ್ಮಲ್ಲಿ ಅನೇಕರು ಪ್ರತಿ ವಾಕ್ಯಕ್ಕೂ ‘ಇಸಂಟ್ ಇಟ್’ ಎಂದೇ ಸೇರಿಸಿ, ಧ್ವನಿಯನ್ನು ಮಾತ್ರ ಸರಿಯಾಗಿ ಇಳಿಸುತ್ತಾರೆ. ಮಾತಿನ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡಬೇಕೆ?

ಶಿಕ್ಷಕಿ, ಬೆಳಗಾವಿ:
ನಾನು ಅರ್ಧ ಅಂಕ ಕೊಡುತ್ತೇನೆ. ನಮ್ಮ ಶಾಲೆಯ ಇನ್ನೊಬ್ಬರು ಕೊಡುವುದಿಲ್ಲ.