'ಚಾಲಿತ ಚಕ್ರ', 'ಮುಕ್ತ ಚಕ್ರ' ಅಂದ್ರ ಯಾವ ಗಾಲಿ?

ವಿಜಯಪುರದಿಂದ:
ನಮಸ್ಕಾರ್ರಿ. ಪಿಯುಸಿ ಫಿಸಿಕ್ಸ್ ನೋಟ್ಸ್ ಕನ್ನಡದಾಗ ಬರ್ಯಾಕತ್ತೀನಿ. ಮುಂದಿನ ಗಾಲಿಗೆ ಎಂಜಿನ್ ಪವರ್ ಹೋಗೋ ಕಾರು ಸ್ಪೀಡ್ ಹೆಚ್ಚಿಸ್ಕೊಳ್ಳುವಾಗ 'ಚಾಲಿತ ಚಕ್ರದ ಮೇಲೆ ಘರ್ಷಣೆ ಮುಂದಕ್ಕೆ, ಮುಕ್ತ ಚಕ್ರದ ಮೇಲೆ ಹಿಂದಕ್ಕೆ' ಅಂತ ಬರದಿದ್ದೆ. ತಂಗಿ ಮಗಳು ಪೂರಾ ಉಲ್ಟಾ ತಿಳ್ಕೊಂಡ್ಳು. ಮಾಮಾ, ಗಾಡಿ ಎಳಿಯೋದು ಮುಂದಿನ ಗಾಲಿ, ಅದು ಚಾಲಕ, ಅದರಿಂದ ಎಳಿಸ್ಕೊಂಡು ಬರೋ ಹಿಂದಿನದ ಚಾಲಿತ ಅಲ್ಲೇನು, ಗಿಯರ್ ಪಾಠದಾಗ ಹಂಗ ಐತಲ್ಲ ಅಂದ್ಳು. ಆಕಿ ಮಾತು ತಪ್ಪು ಅನ್ನಾಕೂ ಬರವಲ್ದು. ಏನ್ ಬರೀಲಿ?

ಬಾಗಲಕೋಟೆಯಿಂದ:
ಮುಕ್ತ ಚಕ್ರ ಅಂದ್ರ ಫ್ರೀವೀಲ್, ಅದು ಸೈಕಲ್‌ದ್ದು ರೀ, ಪೆಡಲ್ ತುಳಿಯೋದು ಬಿಟ್ರ ಕಟಕಟ ಅಂತೈತಲ್ಲ ಆ ಹಲ್ಲಿನ ಚಕ್ರ. ಅಂಗಡ್ಯಾಗ ದಿನಾ ಬಿಚ್ಚತೀನಿ. ಅದು ಕುಂತಿರೋದು ಹಿಂದಿನ ಗಾಲಿಗೆ, ಪೆಡಲ್‌ದ ಜೋರು ಹೋಗೋದೂ ಅದಕ್ಕ. ಕಾರಿನಾಗೂ ಇರ್ತೈತೇನು?

ಬೆಳಗಾವಿಯಿಂದ:
ಪದ ಆಮ್ಯಾಲ ನೋಡೂಣ್ರಿ. ಘರ್ಷಣೆ ಯಾವಾಗ್ಲೂ ಚಲನೆಗೆ ವಿರುದ್ಧ ಅಂತ ನಾವು ಸಾಲ್ಯಾಗ ಕಲ್ತಿದ್ದು, ಹಂಗಂದ್ರ ನಾಕೂ ಗಾಲಿಗೆ ಹಿಂದಕ್ಕ ಇರಬೇಕು. 'ಮುಂದಕ್ಕೆ' ಅನ್ನೋದು ಕೈತಪ್ಪು ಅನಸ್ತೈತಿ.

ಜಮಖಂಡಿಯಿಂದ:
ಕೈತಪ್ಪಲ್ರಿ ಸರ. ಘರ್ಷಣೆ ಅಡ್ಡ ಬರೋದು ಗಾಡಿ ಹೋಗೋದಕ್ಕಲ್ಲ, ಗಾಲಿ ನೆಲ ಮುಟ್ಟಿರೋ ಜಾಗ ಜಾರೋದಕ್ಕ. ಮಳಿ ಆದ ಎರಿ ಹೊಲದಾಗ ಟ್ರ್ಯಾಕ್ಟರ್ ಸಿಕ್ಕೊಂಡಿದ್ದು ನೋಡೀರಲ್ಲ, ದೊಡ್ಡ ಗಾಲಿ ರಾಡಿ ಹಿಂದಕ್ಕ ಎರಚ್ತೈತಿ. ಗಾಲಿ ನೆಲಾನ ಹಿಂದಕ್ಕ ಒದಿತೈತಿ, ನೆಲ ಗಾಲೀನ ಮುಂದಕ್ಕ ತಳ್ತೈತಿ. ಟ್ರೇಲರ್ ಗಾಲಿ ಕತಿ ಬ್ಯಾರೆ. ಅದನ್ನ ಎಕ್ಸಲ್ ಮುಂದಕ್ಕ ಎಳಿತೈತಿ ಅಷ್ಟ, ನೆಲ ಅದರ ತಳಾನ ಹಿಂದಕ್ಕ ಹಿಡದ್ರನ ಉರುಳ್ತೈತಿ, ಇಲ್ಲಂದ್ರ ಜಾರ್ಕೊಂಡು ಬರ್ತೈತಿ.

ಆದ್ರ ಎರಡೂ ಒಂದ ಸಮ ಇರಂಗಿಲ್ಲ, ನೋಟ್ಸಿನಾಗ ಬಾಣದ ಗುರುತು ಹಾಕುವಾಗ ಇದು ಲಕ್ಷ್ಯದಾಗಿರ್ಲಿ. 1000 ಕೆಜಿ ಕಾರು ಪ್ರತಿ ಸೆಕೆಂಡಿಗೂ ಸ್ಪೀಡ್ 2 ಮೀ/ಸೆ ಹೆಚ್ಚಿಸ್ಕೊಂಡ್ರ ಒಟ್ಟು 2000 ನ್ಯೂಟನ್ ಬೇಕು. ಹಿಂದಿನ ಗಾಲಿ ಒಂದೊಂದು 15 ಕೆಜಿ, ತೂಕೆಲ್ಲ ಅಂಚಿನಾಗ ಐತಿ ಅಂತ ಹಿಡದ್ರ ಒಂದಕ್ಕ 30, ಎರಡಕ್ಕ 60 ನ್ಯೂಟನ್ ಹಿಂದಕ್ಕ. ಗಾಳಿ ಅಡ್ಡಿ ಬಿಟ್ಟು ಲೆಕ್ಕ ಹಾಕಿದ್ರ ಮುಂದಿನ ಎರಡಕ್ಕ ಕೂಡಿ 2060 ಮುಂದಕ್ಕ. ಒಂದ ಸ್ಪೀಡಿನಾಗ ಹೊಂಟಾಗ ಆ 60 ಇಲ್ಲ. ಬ್ರೇಕ್ ಒತ್ತಿದ್ರ ಮಾತ್ರ ಸರ ಹೇಳಿದಂಗ ನಾಕಕ್ಕೂ ಹಿಂದಕ್ಕ.

ಸೈಕಲ್ ಅಂಗಡಿ ಅಣ್ಣಾರು ಬ್ಯಾರೆ ಚಕ್ರ ಹೇಳಿದ್ರೂ ಒಂದು ಪಾಯಿಂಟ್ ಸಿಕ್ಕಿತು, 'ಮುಕ್ತ ಚಕ್ರ' ಬ್ಯಾಡ. 'ಎಂಜಿನ್ ಗಾಲಿ', 'ಎಳಗಾಲಿ' ಅಂದ್ರ ಹೆಂಗ?

ವಿಜಯಪುರದಿಂದ:
ಅಕ್ಕಾರ, 'ಎಂಜಿನ್ ಗಾಲಿ' ಹಾಕೇಬಿಟ್ಟೆ. 'ಎಳಗಾಲಿ'ಗೆ ತಂಗಿ ಮಗಳು ಮತ್ತ ತಕರಾರು ತಗದಾಳ: ಟ್ರ್ಯಾಕ್ಟರಿನಾಗ ಪವರ್ ಹಿಂದ, ಅದರ ಮುಂದಿನ ಸಣ್ಣ ಗಾಲಿ ಎಳಿಸ್ಕೊಳ್ಳಂಗಿಲ್ಲ, ತಳ್ಳಿಸ್ಕೊಳ್ತೈತಿ, ಅದಕ್ಕೇನಂತೀರಿ ಅಂತ.