ಮೊದಲ ಸಂದರ್ಶನಕ್ಕೆ ಬರುವವರಿಗೆ ಸಂದೇಶ ಹೇಗಿರಬೇಕು?

ಪ್ರಶ್ನೆ: ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಮಷೀನಿಂಗ್ ಮಾಡುವ ಘಟಕವೊಂದರ ಸಿಬ್ಬಂದಿ ವಿಭಾಗಕ್ಕೆ ಈಚೆಗೆ ಸೇರಿದ್ದೇನೆ. ಕ್ವಾಲಿಟಿ ಟ್ರೇನಿ ಹುದ್ದೆಗೆ ಬಾಗಲಕೋಟೆಯ ಡಿಪ್ಲೊಮಾ ಮೆಕ್ಯಾನಿಕಲ್ ವಿದ್ಯಾರ್ಥಿನಿಯೊಬ್ಬರು ಆಯ್ಕೆಪಟ್ಟಿಯಲ್ಲಿದ್ದಾರೆ. ಫೋನಿನಲ್ಲಿ ಮಾತನಾಡುವಾಗ ಬಹಳ ಗಾಬರಿಯಾಗಿದ್ದರು. ‘ಗುರುವಾರ 9.30ಕ್ಕೆ ಟೆಕ್ನಿಕಲ್ ರೌಂಡ್, ದಾಖಲೆಗಳೊಂದಿಗೆ ಬನ್ನಿ’ ಎಂದು ಬರೆದಿಟ್ಟುಕೊಂಡಿದ್ದೇನೆ. ಇಷ್ಟು ಸಾಕೇ?

ಒಬ್ಬ ಸದಸ್ಯರು: ಇಷ್ಟೇ ಸಾಕು ಮೇಡಂ. ಉದ್ದ ಬರೆದರೆ ಯಾರೂ ಓದುವುದಿಲ್ಲ. ಬೇಕಿದ್ದರೆ ಕೇಳುವ ಪ್ರಶ್ನೆಗಳನ್ನೇ ಕಳುಹಿಸಿಬಿಡಿ, ಭಯ ತಾನಾಗಿಯೇ ಹೋಗುತ್ತದೆ.

ನೇಮಕಾತಿ ವಿಭಾಗದ ಹಿರಿಯರು: ಮೇಡಂ, ಮೊದಲು ಸಮಯವನ್ನು ಬದಲಿಸಿ. ಬಾಗಲಕೋಟೆಯಿಂದ ಬಸ್ಸಿಗೆ ಸುಮಾರು ನಾಲ್ಕು ತಾಸು ಬೇಕು; ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಊರು ದಾಟಿ ಖಾನಾಪುರ ರಸ್ತೆಯ ಕಡೆಗೆ ಬರಬೇಕು. 9.30ಕ್ಕೆ ಕರೆದರೆ ಆಕೆ ನಡುರಾತ್ರಿ ಎದ್ದು ಹೊರಡಬೇಕು, ಇಲ್ಲವೇ ಹಿಂದಿನ ದಿನವೇ ಬಂದು ಯಾರದೋ ಮನೆಯಲ್ಲಿ ಉಳಿಯಬೇಕು. 11.30 ಎಂದರೆ ನಿಮಗೇನೂ ನಷ್ಟವಿಲ್ಲ. ಮುಗಿಯುವ ಸಮಯವನ್ನೂ ತಪ್ಪದೆ ಬರೆಯಿರಿ. ಮರಳುವ ಬಸ್ಸಿನ ಚಿಂತೆ ತಲೆಯಲ್ಲಿದ್ದರೆ ಅಭ್ಯರ್ಥಿ ಕೇಳಿದ್ದಕ್ಕೆ ಅವಸರದಲ್ಲಿ ಉತ್ತರಿಸುತ್ತಾರೆ, ಅದನ್ನು ನಾವು ತಿಳಿವಳಿಕೆಯ ಕೊರತೆ ಎಂದು ಬರೆದುಕೊಳ್ಳುತ್ತೇವೆ.

ಸಂದೇಶ ಉದ್ದವಾಗಬಾರದೆಂಬ ಮಾತು ಸರಿ. ಆದರೆ ಮೊದಲ ಸಲ ಬರುವವರಿಗೆ ‘ಟೆಕ್ನಿಕಲ್ ರೌಂಡ್’ ಎಂದರೆ ಮೂರು ವರ್ಷದ ಪಾಠವೆಲ್ಲವೂ ಆಗುತ್ತದೆ. ಥರ್ಮೊಡೈನಮಿಕ್ಸ್ ಓದಿಕೊಂಡು ಬಂದವರ ಕೈಗೆ ನೀವು ವರ್ನಿಯರ್ ಕೊಡುತ್ತೀರಿ. ಆದ್ದರಿಂದ ವಿಷಯವನ್ನು ತಿಳಿಸಿ, ಪ್ರಶ್ನೆಯನ್ನು ತಿಳಿಸಬೇಡಿ. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ. ಕ್ವಾಲಿಟಿ ಟ್ರೇನಿ ಹುದ್ದೆಯ ಸಂದರ್ಶನಕ್ಕೆ ತಾವು ಆಯ್ಕೆಯಾಗಿದ್ದೀರಿ. ಜುಲೈ 17, ಗುರುವಾರ ಬೆಳಿಗ್ಗೆ 11.30ಕ್ಕೆ ಉದ್ಯಮಬಾಗದ ನಮ್ಮ ಘಟಕಕ್ಕೆ ಬನ್ನಿ. ನಕ್ಷೆಯ ಲಿಂಕ್ ಕೆಳಗಿದೆ. ಗೇಟಿನಲ್ಲಿ ನನ್ನ ಹೆಸರು ಹೇಳಿದರೆ ಒಳಗೆ ಬಿಡುತ್ತಾರೆ. ಮೊದಲು ಅರ್ಧ ತಾಸಿನ ಲಿಖಿತ ಪರೀಕ್ಷೆ, ನಂತರ ಅಳತೆಯ ಪ್ರಾಯೋಗಿಕ ಕೆಲಸ, ಕೊನೆಗೆ ಕ್ವಾಲಿಟಿ ವಿಭಾಗದ ಮುಖ್ಯಸ್ಥರೊಂದಿಗೆ ಮಾತುಕತೆ, ಮಧ್ಯಾಹ್ನ 2.30ರೊಳಗೆ ಎಲ್ಲವೂ ಮುಗಿಯುತ್ತದೆ. ಡ್ರಾಯಿಂಗಿನಲ್ಲಿ ಟಾಲರೆನ್ಸ್ ಓದುವುದು, ವರ್ನಿಯರ್ ಮತ್ತು ಮೈಕ್ರೊಮೀಟರಿನ ಬಳಕೆ, ತಮ್ಮ ಪ್ರಾಜೆಕ್ಟ್ — ಈ ಮೂರನ್ನು ನೋಡಿಕೊಂಡು ಬನ್ನಿ. ಕನ್ನಡದಲ್ಲೇ ಉತ್ತರಿಸಬಹುದು. ಅಂಕಪಟ್ಟಿಗಳು ಮತ್ತು ಆಧಾರ್ ಕಾರ್ಡಿನ ಮೂಲಪ್ರತಿ ಹಾಗೂ ಒಂದು ಜೆರಾಕ್ಸ್ ತನ್ನಿ. ಮೂಲಪ್ರತಿಗಳನ್ನು ನೋಡಿ ಅಲ್ಲೇ ಮರಳಿಸುತ್ತೇವೆ. ಯಾವ ಶುಲ್ಕವೂ ಇಲ್ಲ. ಬುಧವಾರ ಮಧ್ಯಾಹ್ನದೊಳಗೆ “ಬರುತ್ತೇನೆ” ಎಂದು ಉತ್ತರಿಸಿ. ದಾರಿಯಲ್ಲಿ ತಡವಾದರೆ ಇದೇ ಸಂಖ್ಯೆಗೆ ಕರೆ ಮಾಡಿ, ಕಾಯುತ್ತೇವೆ.’

‘ಕಾಯುತ್ತೇವೆ’ ಎಂದು ಬರೆದ ಮೇಲೆ ನಿಜವಾಗಿಯೂ ಕಾಯಬೇಕು; ಆ ದಿನ ನಿಮ್ಮ ಫೋನ್ ನಿಮ್ಮ ಕೈಯಲ್ಲೇ ಇರಲಿ.

ಮೊದಲಿನ ಸದಸ್ಯರು: ವಿಷಯ ಹೇಳಿದ ಮೇಲೆ ಪ್ರಶ್ನೆ ಹೇಳಿದಂತೆಯೇ ಆಯಿತಲ್ಲ ಸರ್?

ಹಿರಿಯರು: ಇಲ್ಲ. ಡ್ರಾಯಿಂಗಿನಲ್ಲಿ ಒಂದು ವ್ಯಾಸ 24.40 ಮಿ.ಮೀ., ಟಾಲರೆನ್ಸ್ ±0.05 ಎಂದಿದೆ ಎನ್ನಿ; ಅಂದರೆ 24.35ರಿಂದ 24.45ರವರೆಗೆ ಒಪ್ಪಿಗೆ. ಅಭ್ಯರ್ಥಿಯ ವರ್ನಿಯರಿನಲ್ಲಿ ಮುಖ್ಯ ಸ್ಕೇಲ್ 24 ತೋರಿಸುತ್ತದೆ, 18ನೆಯ ಗೆರೆ ಕೂಡುತ್ತದೆ, ಲೀಸ್ಟ್ ಕೌಂಟ್ 0.02. ಓದು 24.36, ಆದ್ದರಿಂದ ‘ಪಾಸ್’ ಎನ್ನುತ್ತಾರೆ. ಆದರೆ ಆ ವರ್ನಿಯರಿನ ದವಡೆಗಳನ್ನು ಮುಚ್ಚಿದಾಗಲೇ ಅದು 0.02 ಹೆಚ್ಚು ತೋರಿಸುತ್ತಿದ್ದರೆ ನಿಜವಾದ ಅಳತೆ 24.34, ಆ ಭಾಗ ತಿರಸ್ಕೃತವಾಗಬೇಕು. ಅಳೆಯುವ ಮೊದಲು ದವಡೆ ಒರೆಸಿ ಸೊನ್ನೆ ನೋಡುವವರು ಯಾರೆಂಬುದು ಇಲ್ಲಿ ತಿಳಿಯುತ್ತದೆ. ವಿಷಯ ಮೊದಲೇ ಗೊತ್ತಿದ್ದರೂ ಈ ಅಭ್ಯಾಸ ಒಂದೇ ರಾತ್ರಿಯಲ್ಲಿ ಬರುವುದಿಲ್ಲ.

ವಿಜಯಪುರದ ವಿದ್ಯಾರ್ಥಿ: ಸರ್, ನನ್ನ ಆರನೆಯ ಸೆಮಿಸ್ಟರಿನ ಅಂಕಪಟ್ಟಿ ಇನ್ನೂ ಕೈಸೇರಿಲ್ಲ. ನಾನು ಗುರುವಾರ ಬರಬಹುದೇ?

ಹಿರಿಯರು: ತಮ್ಮಾ, ಈ ಸಂದರ್ಶನ ಪಟ್ಟಿಯಲ್ಲಿರುವವರಿಗೆ ಮಾತ್ರ. ಆದರೆ ನಿನ್ನ ಪ್ರಶ್ನೆ ಒಳ್ಳೆಯದು; ಮೇಡಂ, ‘ಕೊನೆಯ ಅಂಕಪಟ್ಟಿ ಬಂದಿರದಿದ್ದರೆ ಫಲಿತಾಂಶದ ಪ್ರಿಂಟ್ ಸಾಕು’ ಎಂಬ ವಾಕ್ಯವನ್ನು ನಾನೂ ಸೇರಿಸಬೇಕಿತ್ತು, ನೀವು ಸೇರಿಸಿಕೊಳ್ಳಿ. ಇಲ್ಲವಾದರೆ ಆ ಒಂದು ಕಾಗದಕ್ಕಾಗಿ ಬರುವುದನ್ನೇ ಬಿಟ್ಟುಬಿಡುವವರಿದ್ದಾರೆ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಸಮಯವನ್ನು 11.30ಕ್ಕೆ ಬದಲಿಸಿದ್ದೇನೆ. ಸ್ಟೈಪೆಂಡ್ ಎಷ್ಟೆಂದು ಸಂದೇಶದಲ್ಲೇ ಹೇಳಬೇಕೇ?

ಹಿರಿಯರು: ನಾನು ಹೇಳುತ್ತೇನೆ. ಅಷ್ಟು ದೂರದಿಂದ ಬಂದು, ಬೆಳಗಾವಿಯಲ್ಲಿ ಕೋಣೆ ಹಿಡಿದು ಇರಲು ಆ ಹಣ ಸಾಲುತ್ತದೆಯೇ ಎಂದು ಮನೆಯವರು ಮೊದಲೇ ಲೆಕ್ಕ ಹಾಕಲಿ.

ಮೊದಲಿನ ಸದಸ್ಯರು: ನಮ್ಮ ಮಾಲೀಕರು ಅದಕ್ಕೆ ಒಪ್ಪುವುದಿಲ್ಲ. ಸಂದರ್ಶನದ ನಂತರವೇ ಹೇಳಬೇಕೆನ್ನುತ್ತಾರೆ.

ಪ್ರಶ್ನೆ ಕೇಳಿದವರು: ನಾಳೆ ನಮ್ಮ ಮ್ಯಾನೇಜರನ್ನು ಕೇಳಿ ನೋಡುತ್ತೇನೆ. ಉಳಿದ ಸಂದೇಶವನ್ನು ಈಗಲೇ ಕಳುಹಿಸುತ್ತಿದ್ದೇನೆ.